ಎಸೆದ ಕಲ್ಲಿಗೆ ಎರಡು ಲೆಕ್ಕ ಯಾಕೆ? ಗೆಲಿಲಿಯೋ ಮೇಜಿನಿಂದ ಶುರುವಾದ ಕಥೆ

ಪ್ರೊಜೆಕ್ಟೈಲ್ ಲೆಕ್ಕ ಬಂದ ತಕ್ಷಣ ವೇಗನ ಅಡ್ಡ, ಲಂಬ ಅಂತ ಎರಡು ಭಾಗ ಮಾಡಿ ಅಂತಾರೆ, ಎಲ್ರೂ ಮಾಡ್ತೀವಿ, ಆದ್ರೆ ಹಾಗೆ ಮಾಡೋಕೆ ಪ್ರಕೃತಿ ಒಪ್ಪುತ್ತಾ ಅಂತ ಯಾರೂ ಕೇಳಲ್ಲ. ಹಿಂದಿನವ್ರಿಗೆ ಇದು ಸಲೀಸಾಗಿ ಹೊಳೆದಿದ್ದಲ್ಲ. 1537ರಲ್ಲಿ ಇಟಲಿಯ ಟಾರ್ಟಾಲಿಯಾ ಫಿರಂಗಿ ಗುಂಡಿನ ದಾರಿ ಬರೆದಾಗ ಮೊದಲು ನೇರ ಗೆರೆ, ಆಮೇಲೆ ಒಂಚೂರು ಕಮಾನು, ಕೊನೆಗೆ ನೆಟ್ಟಗೆ ಕೆಳಕ್ಕೆ ಅಂತ ಬರೆದ. ಎಸೆದ ವೇಗ ಮುಗಿಯೋವರೆಗೂ ಭೂಮಿಯ ಸೆಳೆತಕ್ಕೆ ಸರಿಯಾದ ಸರದಿ ಬರಲ್ಲ ಅನ್ನೋ ಹಳೇ ನಂಬಿಕೆ ಅದರ ಹಿಂದೆ ಇತ್ತು. ಮಜಾ ಏನಂದ್ರೆ 45 ಡಿಗ್ರಿಲಿ ಹೊಡೆದ್ರೆ ಅತೀ ದೂರ ಹೋಗುತ್ತೆ ಅಂತ ಅವನೇ ಸರಿಯಾಗಿ ಹೇಳಿದ್ದ, ದಾರಿಯ ಆಕಾರ ಮಾತ್ರ ತಪ್ಪು.

1608ರ ಸುಮಾರಿಗೆ ಪಾದುವಾದಲ್ಲಿ ಗೆಲಿಲಿಯೋ ಮೇಜಿನ ಮೇಲೆ ಒಂದು ಇಳಿಜಾರು ಇಟ್ಟು ಗುಂಡು ಉರುಳಿಸಿದ. ಗುಂಡು ಮೇಜಿನ ಅಂಚಲ್ಲಿ ಅಡ್ಡಕ್ಕೆ ಹಾರಿ ನೆಲಕ್ಕೆ ಬೀಳ್ಬೇಕು. ಇದರ ಹಿಂದಿನ ಯೋಚನೆ ಚೆನ್ನಾಗಿದೆ: ಮೇಜಿನ ಎತ್ತರ ಬದಲಾಗಲ್ಲ, ಹಾಗಾಗಿ ಅಡ್ಡ ವೇಗ ಬೀಳೋ ಕೆಲಸಕ್ಕೆ ಕೈ ಹಾಕಲ್ಲ ಅನ್ನೋದು ನಿಜ ಆದ್ರೆ ಗುಂಡು ನಿಧಾನಕ್ಕೆ ಬಂದ್ರೂ ಜೋರಾಗಿ ಬಂದ್ರೂ ಬೀಳೋ ಟೈಮ್ ಒಂದೇ, ದೂರ ಬರೀ ಅಡ್ಡ ವೇಗದ ಮೇಲೆ ನಿಲ್ಲುತ್ತೆ. ಇಳಿಜಾರಲ್ಲಿ ಎತ್ತರ ಎರಡು ಪಟ್ಟು ಮಾಡಿದ್ರೆ ವೇಗ ಸುಮಾರು 1.414 ಪಟ್ಟು ಆಗುತ್ತೆ, ದೂರನೂ ಅಷ್ಟೇ ಪಟ್ಟು ಆಗ್ಬೇಕು. ಅವನು ಬಳಸಿದ ಅಳತೆಮಾನದಲ್ಲಿ 300 ಎತ್ತರಕ್ಕೆ 800 ದೂರ ಬಂತು, 600ಕ್ಕೆ ಲೆಕ್ಕದ ಪ್ರಕಾರ 1131 ಬರ್ಬೇಕು, ಬಂದಿದ್ದು 1172. ಕೈಯಲ್ಲಿ ಅಳೆದಿದ್ದಕ್ಕೆ ಇದು ಸಾಕಷ್ಟು ಹತ್ರ. ಈ ಅಳತೆ ಬರೆದಿಟ್ಟ ಹಾಳೆ ಪ್ರಿಂಟ್ ಆಗ್ಲಿಲ್ಲ, ದಾರಿ ಪ್ಯಾರಾಬೋಲಾ ಅನ್ನೋದರ ಪುರಾವೆ ಮಾತ್ರ 1638ರ ಅವನ ಪುಸ್ತಕದಲ್ಲಿ ಬಂತು.

ಈಗ ಲೆಕ್ಕ ಮಾಡಿ ನೋಡೋಣ. ಸಮತಟ್ಟು ನೆಲದಿಂದ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ಸುಮಾರು 37 ಡಿಗ್ರಿ ಕೋನದಲ್ಲಿ ಎಸೆದ್ರೆ ಅಡ್ಡ ವೇಗ 20, ಲಂಬ ವೇಗ 15. g = 10 ಅಂತ ಇಟ್ಕೊಳ್ಳಿ. ಮೊದಲು ಅಡ್ಡ ಭಾಗ ಮರೆತುಬಿಡಿ. 15ರಲ್ಲಿ ಮೇಲೆ ಹೋಗಿದ್ದು ಸೆಕೆಂಡಿಗೆ 10 ಕಳ್ಕೊಂಡು 1.5 ಸೆಕೆಂಡಿಗೆ ತುದಿ ಮುಟ್ಟುತ್ತೆ, ಸರಾಸರಿ ವೇಗ 7.5, ಅಂದ್ರೆ ಗರಿಷ್ಠ ಎತ್ತರ 11.25 ಮೀಟರ್. ಇಳಿಯೋಕೂ 1.5, ಒಟ್ಟು 3 ಸೆಕೆಂಡ್. ಈಗ ಅಡ್ಡ ಭಾಗಕ್ಕೆ ಬನ್ನಿ, ಅಲ್ಲಿ ವೇಗ ಬದಲಾಗೋದೇ ಇಲ್ಲ, 20 × 3 = 60 ಮೀಟರ್, ಅದೇ ರೇಂಜ್. ಎರಡೂ ಲೆಕ್ಕಕ್ಕೆ ಕಾಮನ್ ಇರೋದು ಟೈಮ್ ಒಂದೇ. ತುದಿಲಿ ವೇಗ ಸೊನ್ನೆ ಅಂತ ತುಂಬಾ ಜನ ಬರೀತಾರೆ, ಸೊನ್ನೆ ಆಗೋದು ಲಂಬ ಭಾಗ ಮಾತ್ರ, ಅಡ್ಡ 20 ಹಾಗೇ ಇರುತ್ತೆ.

ಕೋನ 53 ಮಾಡಿದ್ರೆ ಅಡ್ಡ 15, ಲಂಬ 20 ಆಗುತ್ತೆ. ಎತ್ತರ 20 ಮೀಟರ್, ಟೈಮ್ 4 ಸೆಕೆಂಡ್, ರೇಂಜ್ ಮತ್ತೆ 60! 45ರಿಂದ ಎರಡೂ ಕಡೆ ಸಮ ದೂರ ಇರೋ ಕೋನಗಳಿಗೆ ರೇಂಜ್ ಒಂದೇ ಅಂತ ಗೆಲಿಲಿಯೋನೂ ತೋರಿಸಿದ್ದ. R = u² sin 2θ / g ಅನ್ನೋ ಫಾರ್ಮುಲಾ ಹೇಳೋದೂ ಇದನ್ನೇ.

ಆದ್ರೆ ಆ ಫಾರ್ಮುಲಾನ ಬಾಯಿಪಾಠ ಮಾಡಿದವ್ರು ಸಿಕ್ಕಾಕ್ಕೊಳ್ಳೋ ಜಾಗ ಒಂದಿದೆ. ಅದೇ 37 ಡಿಗ್ರಿ ಎಸೆತನ 20 ಮೀಟರ್ ಎತ್ತರದ ಬಂಡೆ ಮೇಲಿಂದ ಮಾಡಿ, ಕಲ್ಲು ಕೆಳಗಿನ ನೆಲಕ್ಕೆ ಬೀಳ್ಬೇಕು. ಹತ್ತೋ ಟೈಮ್, ಇಳಿಯೋ ಟೈಮ್ ಸಮ ಅಲ್ಲ, ಫಾರ್ಮುಲಾ ಕೆಲಸ ಮಾಡಲ್ಲ. ಲಂಬ ಭಾಗ ಮಾತ್ರ ಬರೀರಿ: −20 = 15t − 5t². t = 4 ಬರುತ್ತೆ, ಇನ್ನೊಂದು ಉತ್ತರ −1, ಅದು ಎಸೆಯೋಕೆ ಮುಂಚಿನ ಟೈಮ್, ಬಿಟ್ಟುಬಿಡಿ. ದೂರ 80 ಮೀಟರ್. 53 ಡಿಗ್ರಿಗೆ ಇದೇ ಲೆಕ್ಕ ಮಾಡಿದ್ರೆ ಸುಮಾರು 72, ಅಂದ್ರೆ ಆ ಜೋಡಿ ಇಲ್ಲಿ ಮುರಿದುಹೋಯ್ತು, ಎತ್ತರದಿಂದ ಎಸೆಯುವಾಗ ಕಮ್ಮಿ ಕೋನಕ್ಕೇ ಲಾಭ.

ಇಷ್ಟೆಲ್ಲಾ ಗಾಳಿ ಇಲ್ಲ ಅಂದ್ಕೊಂಡು. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತೂಗುವ ಹಲಗೆಗೆ ಗುಂಡು ಹೊಡೆದು ವೇಗ ಅಳೆದು, ಗಾಳಿಯ ತಡೆ ಗುಂಡಿನ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅಂತ ತೋರಿಸಿದ. ತೊಂದರೆ ಬರೀ ರೇಂಜ್ ಕಮ್ಮಿ ಆಗೋದಲ್ಲ. ಈ ತಡೆ ಹೆಚ್ಚೂಕಮ್ಮಿ ಒಟ್ಟು ವೇಗದ ವರ್ಗದ ಪ್ರಕಾರ ಬೆಳೆಯುತ್ತೆ, ಹಾಗಾಗಿ ಅಡ್ಡ ವೇಗ ಎಷ್ಟು ಇಳೀತು ಅಂತ ಹೇಳೋಕೆ ಲಂಬ ವೇಗನೂ ಗೊತ್ತಿರ್ಬೇಕು, ಎರಡು ಲೆಕ್ಕ ಬೇರೆ ಬೇರೆ ಮಾಡೋಕೆ ಆಗಲ್ಲ. ಆಗ ದಾರಿ ಏರುವಾಗ ಓರೆ, ಇಳಿಯುವಾಗ ಕಡಿದಾಗಿ ಕಾಣುತ್ತೆ, ಲೆಕ್ಕನ ಚಿಕ್ಕ ಚಿಕ್ಕ ಟೈಮ್ ತುಂಡುಗಳಲ್ಲಿ ಮಾಡ್ಕೊಂಡು ಹೋಗ್ಬೇಕಾಗುತ್ತೆ.