ಗಟ್ಟಿಮೇಳದ 14 ಫೋಟೋಗಳಲ್ಲಿ ಆಲ್ಬಮ್ಮಿಗೆ ಯಾವುದು?

ಓದುಗರ ಪ್ರಶ್ನೆ: ತಾಳಿ ಕಟ್ಟುವಾಗ ಬರ್ಸ್ಟ್‌ನಲ್ಲಿ ತೆಗೆದ 14 ಫೋಟೋಗಳು ನೋಡಲು ಒಂದೇ ಥರ ಇವೆ. ಕ್ಯಾಮೆರಾ ಪರದೆಯಲ್ಲಿ ಎಲ್ಲವೂ ಚೆನ್ನಾಗಿದ್ದವು. ಒಂದನ್ನು ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮುಖಗಳು ಮೆತ್ತಗೆ ಬಂದಿವೆ. ಯಾವುದು ನಿಜವಾಗಿ ಶಾರ್ಪ್ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಮೋಸ ಮಾಡಿದ್ದು ಪರದೆಯ ಗಾತ್ರ. 24 ಮೆಗಾಪಿಕ್ಸೆಲ್ ಫೋಟೋ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತದೆ. ಸಾಮಾನ್ಯ ಮಾನಿಟರ್ 1920 ಪಿಕ್ಸೆಲ್‌ನದು. ಇಡೀ ಫೋಟೋ ಪರದೆಯೊಳಗೆ ಹಿಡಿಸಬೇಕಾದರೆ ಮೂರು ಪಿಕ್ಸೆಲ್ ಸೇರಿ ಒಂದಾಗುತ್ತವೆ, ಮೂರು ಪಿಕ್ಸೆಲ್‌ನಷ್ಟು ಮಸುಕು ಅದರೊಳಗೇ ಅಡಗಿಹೋಗುತ್ತದೆ. ಕ್ಯಾಮೆರಾದ ಹಿಂದಿನ ಪರದೆ ಇನ್ನೂ ಚಿಕ್ಕದು, ಅಲ್ಲಿ ಕೆಟ್ಟ ಫೋಟೋ ಕೂಡ ಚೂಪಾಗಿಯೇ ಕಾಣುತ್ತದೆ. ಹಾಗಾಗಿ ಕೊನೆಯ ತೀರ್ಮಾನ ಏನಿದ್ದರೂ ಫೋಟೋವನ್ನು 100%ಗೆ ಹಿಗ್ಗಿಸಿ, ಕಣ್ಣಿನ ಜಾಗವನ್ನು ನೋಡಿಯೇ ಆಗಬೇಕು.

ಆದರೆ 14 ಫೋಟೋಗಳನ್ನೂ ಹಾಗೆ ಹಿಗ್ಗಿಸಿ ನೋಡುತ್ತ ಕೂರಬೇಕಿಲ್ಲ. ಮೊದಲು ಕಣ್ಣು ತೆರೆದಿದೆಯೇ ನೋಡಿ, ಆಮೇಲೆ ಫೋಕಸ್, ಕೊನೆಗೆ ಅಲುಗಾಟ. ಕಣ್ಣಿನ ಸ್ಥಿತಿ ಅರ್ಧ ಹಿಗ್ಗಿಸಿದರೂ ತಿಳಿಯುತ್ತದೆ, ಒಂದೆರಡು ನಿಮಿಷದಲ್ಲಿ ನಾಲ್ಕೈದು ಫೋಟೋ ಪಕ್ಕಕ್ಕೆ ಹೋಗುತ್ತವೆ. ಮುಚ್ಚಿದ ಕಣ್ಣಿರುವ ಫೋಟೋ ಎಷ್ಟು ಶಾರ್ಪ್ ಇದ್ದರೇನು?

ಮಿಟುಕಿದ ಕಣ್ಣು, ತಗ್ಗಿಸಿದ ಕಣ್ಣು

ಮದುವೆ ಫೋಟೋದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ತಾಳಿ ಕಟ್ಟುವಾಗ ಮದುಮಗಳು ಸಾಮಾನ್ಯವಾಗಿ ತಲೆ ತಗ್ಗಿಸಿ ಕೆಳಗೆ ನೋಡುತ್ತಿರುತ್ತಾಳೆ. ಚಿಕ್ಕ ಗಾತ್ರದಲ್ಲಿ ನೋಡಿದರೆ ಕಣ್ಣು ಮುಚ್ಚಿದಂತೆಯೇ ಕಾಣುತ್ತದೆ. ಅವಸರದಲ್ಲಿ ಅದನ್ನು ತೆಗೆದುಹಾಕಿದರೆ ಆ ಕ್ಷಣದ ಅತ್ಯುತ್ತಮ ಫೋಟೋವೇ ಹೋಗಿಬಿಡುತ್ತದೆ.

ವ್ಯತ್ಯಾಸ ತಿಳಿಯಲು ಆ ಒಂದೇ ಫೋಟೋ ನೋಡಬೇಡಿ, ಅದರ ಹಿಂದಿನ ಎರಡು, ಮುಂದಿನ ಎರಡು ನೋಡಿ. ರೆಪ್ಪೆ ಮಿಟುಕಲು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗ ಬೇಕು. ಸೆಕೆಂಡಿಗೆ 10 ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ಅದು ಒಂದರಿಂದ ನಾಲ್ಕು ಫ್ರೇಮ್‌ಗಳಲ್ಲಿ ಮುಗಿದುಹೋಗುತ್ತದೆ. ತಗ್ಗಿಸಿದ ನೋಟ ಹಾಗಲ್ಲ, ಆರೇಳು ಫ್ರೇಮ್‌ವರೆಗೆ ಹಾಗೆಯೇ ಇರುತ್ತದೆ. ಕೆಳಗೆ ನೋಡುವಾಗ ಮೇಲಿನ ರೆಪ್ಪೆ ನಯವಾಗಿ ಇಳಿದು ಕಾಡಿಗೆಯ ಗೆರೆ ಒಂದೇ ಬಿಲ್ಲಿನಂತೆ ಕಾಣುತ್ತದೆ, ಅದರ ಕೆಳಗೆ ಕಣ್ಣಿನ ಕಪ್ಪು ಕೂದಲೆಳೆಯಷ್ಟಾದರೂ ಉಳಿದಿರುತ್ತದೆ. ಮಿಟುಕಿನ ನಡುವೆ ಸಿಕ್ಕಿದ ಕಣ್ಣಿನಲ್ಲಾದರೆ ಮುಖ, ತಲೆ ನೇರವಾಗಿರುತ್ತವೆ, ರೆಪ್ಪೆ ಮಾತ್ರ ಪಾಪೆಯ ಮೇಲೆ ಅರ್ಧಕ್ಕೆ ನಿಂತಿರುತ್ತದೆ. ನೋಡಿದರೆ ನಿದ್ದೆಗಣ್ಣು ಅನ್ನಿಸುತ್ತದೆ. ಪೂರ್ತಿ ಮುಚ್ಚಿದ ಕಣ್ಣಿಗಿಂತ ಇದು ಕೆಟ್ಟದ್ದು. ಪ್ರಿಂಟ್‌ನಲ್ಲಿ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ನಕ್ಕಾಗ ಕಿರಿದಾಗುವ ಕಣ್ಣನ್ನೂ ಹೀಗೇ ಗುರುತಿಸಬಹುದು. ನಗುವಿನಲ್ಲಿ ಕೆನ್ನೆ ಮೇಲೆದ್ದು ಕೆಳಗಿನ ರೆಪ್ಪೆಯನ್ನು ಮೇಲಕ್ಕೆ ತಳ್ಳುತ್ತದೆ. ಮಿಟುಕಿನಲ್ಲಿ ಮೇಲಿನ ರೆಪ್ಪೆ ಮಾತ್ರ ಇಳಿಯುತ್ತದೆ. ನಗುವಿನ ಕಣ್ಣು ಇರಲಿ.

ಫೋಕಸ್ ಎಲ್ಲಿ ಬಿದ್ದಿದೆ?

ಈಗ ಉಳಿದವನ್ನು 100%ಗೆ ಹಿಗ್ಗಿಸಿ. ಲೈಟ್‌ರೂಮ್ ಇದ್ದರೆ ಲೈಬ್ರರಿಯಲ್ಲಿ ಎರಡು ಫೋಟೋ ಆರಿಸಿ C ಒತ್ತಿ, ಎರಡೂ ಅಕ್ಕಪಕ್ಕ ಬರುತ್ತವೆ. ಬೀಗದ ಚಿಹ್ನೆ ಹಾಕಿಕೊಂಡರೆ ಒಂದನ್ನು ಸರಿಸಿದಾಗ ಇನ್ನೊಂದೂ ಸರಿಯುತ್ತದೆ. ಗೆದ್ದದ್ದನ್ನು ಇಟ್ಟುಕೊಂಡು ಮುಂದಿನದರ ಜೊತೆ ಹೋಲಿಸಿ. ನಾಲ್ಕೈದನ್ನು ಒಟ್ಟಿಗೆ ಹರಡಿಕೊಂಡರೆ ಕಣ್ಣು ಸೋಲುತ್ತದೆ, ಎರಡೆರಡೇ ಸಾಕು. ಬೇರೆ ಯಾವ ಸಾಫ್ಟ್‌ವೇರ್ ಆದರೂ ಒಂದು ಎಚ್ಚರ ಬೇಕು: ಫೋಟೋ ಪೂರ್ತಿ ತೆರೆದುಕೊಳ್ಳುವವರೆಗೆ ಕಾಯಿರಿ. ಮೊದಲ ಕ್ಷಣ ಕಾಣುವ ಮಸುಕು ಎಷ್ಟೋ ಸಲ ಫೋಟೋದ್ದಲ್ಲ, ಇನ್ನೂ ಲೋಡ್ ಆಗದ ಪ್ರಿವ್ಯೂದು.

ನೋಡಬೇಕಾದ್ದು ಚರ್ಮವನ್ನಲ್ಲ. ಐಎಸ್ಒ 3200ರಲ್ಲಿ ತೆಗೆದ ಫೋಟೋದ ಕೆನ್ನೆಯಲ್ಲಿ ನಾಯ್ಸ್ ಇರುತ್ತದೆ, ಆ ಕಾಳುಕಾಳು ಫೋಕಸ್ ತಪ್ಪಿದ ಫೋಟೋದಲ್ಲೂ ಅಷ್ಟೇ ಚೂಪಾಗಿರುತ್ತದೆ. ರೆಪ್ಪೆಯ ಕೂದಲು ಒಂದೊಂದಾಗಿ ಬಿಡಿಸಿ ಕಾಣುತ್ತದೆಯೇ, ಕಾಡಿಗೆಯ ಅಂಚು ಗೆರೆ ಕೊಯ್ದಂತಿದೆಯೇ, ಇಷ್ಟು ನೋಡಿ.

ಕಣ್ಣು ಮೆತ್ತಗಿದ್ದರೆ ಚಿತ್ರದಲ್ಲಿ ಬೇರೆ ಯಾವುದಾದರೂ ಶಾರ್ಪ್ ಇದೆಯೇ ಎಂದು ಹುಡುಕಿ. ಫೋಕಸ್ ತಪ್ಪಿದ್ದರೆ ಅದು ಬೇರೆಲ್ಲೋ ಬಿದ್ದಿರುತ್ತದೆ. ಮದುವೆಯಲ್ಲಿ ಅದು ಬೀಳುವ ಜಾಗಗಳು ಇಂತಿಷ್ಟೇ: ಹಣೆಯಿಂದ ಮುಂದಕ್ಕೆ ಬಂದ ಬಾಸಿಂಗ, ಎದೆಯ ಮೇಲಿನ ಹಾರ, ಕಟ್ಟುವ ಕೈ, ಹಿಂದೆ ನಿಂತ ಸೋದರಮಾವನ ಮುಖ. 85 ಎಂಎಂ ಲೆನ್ಸ್, f/2.8, ಹತ್ತು ಅಡಿ ದೂರ ಎಂದರೆ ಶಾರ್ಪ್ ಬರುವ ಆಳ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 20 ಸೆಂಟಿಮೀಟರ್. ಬಾಸಿಂಗವೂ ಕಣ್ಣೂ ಅದರೊಳಗೆ ಹಿಡಿಸುತ್ತವೆ. ಅದೇ ಲೆನ್ಸನ್ನು f/1.8ಕ್ಕೆ ತೆರೆದು ಐದು ಅಡಿಗೆ ಹೋದರೆ ಆಳ 3 ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಆಗ ಮೂಗುತಿ ಶಾರ್ಪ್, ಕಣ್ಣು ಮಸುಕು. ಇಂಥ ಬರ್ಸ್ಟ್‌ನಲ್ಲಿ ಎಲ್ಲ ಫೋಟೋಗಳನ್ನೂ ಹಿಗ್ಗಿಸಿ ನೋಡದೆ ವಿಧಿಯಿಲ್ಲ.

ಅಕ್ಷತೆ ಇನ್ನೊಂದು ತೊಂದರೆ. ಗಟ್ಟಿಮೇಳ ಮೊಳಗಿದ ಕೂಡಲೇ ಅಕ್ಕಿಕಾಳು ಲೆನ್ಸಿಗೂ ಮುಖಕ್ಕೂ ನಡುವೆ ಹಾರುತ್ತದೆ, ಸತತ ಆಟೋಫೋಕಸ್ ಅದರ ಬೆನ್ನು ಹತ್ತುತ್ತದೆ. ಎರಡು ಮೂರು ಫ್ರೇಮ್‌ಗಳಲ್ಲಿ ಹತ್ತಿರದ ಕಾಳು ಚೂಪಾಗಿ ಮುಖಗಳೆಲ್ಲ ಕರಗಿದಂತಿದ್ದರೆ ಕಾರಣ ಇದೇ. ಅವನ್ನು ಯೋಚನೆ ಮಾಡದೆ ಬಿಡಿ. ಶಾರ್ಪನ್ ಸ್ಲೈಡರ್ ಎಷ್ಟು ಎಳೆದರೂ ಹೋದ ಫೋಕಸ್ ಮರಳುವುದಿಲ್ಲ.

ಮಸುಕು ಫೋಕಸ್‌ನದೋ, ಅಲುಗಾಟದ್ದೋ?

ಕಣ್ಣಿನಲ್ಲಿ ಬೆಳಕಿನ ಬಿಳಿ ಚುಕ್ಕೆ ಇರುತ್ತದಲ್ಲ, ಅದನ್ನು ನೋಡಿ. ಚುಕ್ಕೆ ಚಿಕ್ಕದಾಗಿ, ಅಂಚು ಕಟ್ಟಾಗಿದ್ದರೆ ಎಲ್ಲ ಸರಿ. ಎಲ್ಲ ಕಡೆಗೂ ಸಮನಾಗಿ ಹಿಗ್ಗಿ ಬಿಲ್ಲೆಯಂತಾಗಿದ್ದರೆ ಫೋಕಸ್ ತಪ್ಪಿದೆ. ಒಂದೇ ದಿಕ್ಕಿಗೆ ಎಳೆದು ಗೀಟಾಗಿದ್ದರೆ ಅಲುಗಾಟ. ಅಲುಗಿದ್ದು ಯಾರು ಎಂದು ತಿಳಿಯಲು ಮಂಟಪದ ಸೀರಿಯಲ್ ದೀಪಗಳ ಕಡೆ ಹೋಗಿ. ಅವೂ ಅದೇ ದಿಕ್ಕಿಗೆ ಎಳೆದಿದ್ದರೆ ನಿಮ್ಮ ಕೈ ಅಲುಗಿದೆ. ದೀಪಗಳು ನೆಟ್ಟಗಿದ್ದು ಕಣ್ಣಿನ ಚುಕ್ಕೆ ಮಾತ್ರ ಎಳೆದಿದ್ದರೆ ಮದುಮಗನ ತಲೆ ತಿರುಗಿದೆ. ಕೈ ಅಲುಗಾಟ ಬರ್ಸ್ಟ್‌ನ ಮೊದಲ ಫ್ರೇಮ್‌ನಲ್ಲಿ ಹೆಚ್ಚು, ಯಾಕೆಂದರೆ ಬೆರಳು ಬಟನ್ ಒತ್ತುವ ಹೊಡೆತ ಅದರ ಮೇಲೇ ಬೀಳುತ್ತದೆ.

ಎಷ್ಟು ಅಲುಗಾಟ ಒಪ್ಪಬಹುದು ಎಂಬುದಕ್ಕೆ ಲೆಕ್ಕ ಇದೆ. ಮೇಲೆ ಹೇಳಿದ 85 ಎಂಎಂ, ಹತ್ತು ಅಡಿಯ ಫೋಟೋದಲ್ಲಿ ಮುಖದ ಒಂದು ಮಿಲಿಮೀಟರ್‌ಗೆ ಹತ್ತಿರ ಹತ್ತಿರ 5 ಪಿಕ್ಸೆಲ್ ಬರುತ್ತದೆ. ತಲೆ ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ತಿರುಗುತ್ತಿದ್ದು ಶಟರ್ 1/250 ಇದ್ದರೆ 4 ಪಿಕ್ಸೆಲ್ ಮಸುಕು, 1/500 ಇದ್ದರೆ 2 ಪಿಕ್ಸೆಲ್. ಆ ಫೋಟೋ ಆಲ್ಬಮ್‌ನಲ್ಲಿ 18 ಇಂಚು ಅಗಲಕ್ಕೆ ಬಂದರೆ ಇಂಚಿಗೆ 333 ಪಿಕ್ಸೆಲ್. ಎರಡು ಪಿಕ್ಸೆಲ್ ಎಂದರೆ ಒಂದು ಮಿಲಿಮೀಟರ್‌ನ ಏಳನೇ ಒಂದು ಭಾಗ, ಆಲ್ಬಮ್ ಕೈಯಲ್ಲಿ ಹಿಡಿದು ನೋಡುವವರಿಗೆ ಕಾಣುವುದಿಲ್ಲ. ನಾಲ್ಕು ಪಿಕ್ಸೆಲ್ ಆದರೆ ಹತ್ತಿರದಿಂದ ನೋಡಿದವರಿಗೆ ಕಣ್ಣು ಮೆತ್ತಗೆ ಕಾಣುತ್ತದೆ. ಫೋಟೋವನ್ನು ಅರ್ಧಕ್ಕೆ ಕತ್ತರಿಸಿ ಅದೇ 18 ಇಂಚಿಗೆ ಹಿಗ್ಗಿಸಿದರೆ ಎರಡು ಪಿಕ್ಸೆಲ್ ಕೂಡ ನಾಲ್ಕರ ಹಾಗೆ ಕಾಣುತ್ತದೆ. ನಿಮ್ಮ ಪ್ರಿಂಟ್‌ನಲ್ಲಿ ಆದದ್ದು ಇದೇ ಇರಬಹುದು.

ಈ ಲೆಕ್ಕ ಮುಖಕ್ಕೆ ಮಾತ್ರ. ತಾಳಿಯ ಗಂಟು ಹಾಕುವ ಬೆರಳು, ಹಾರುವ ಅಕ್ಷತೆ ಸ್ವಲ್ಪ ಎಳೆದಿದ್ದರೆ ಅದು ದೋಷವಲ್ಲ. ಅಲ್ಲೇನೋ ನಡೆಯುತ್ತಿದೆ ಎಂಬುದನ್ನು ಹೇಳುವುದೇ ಆ ಮಸುಕು.

14 ಫ್ರೇಮ್‌ಗಳನ್ನು ಸೋಸಿದರೆ

ಸೆಕೆಂಡಿಗೆ 10ರಂತೆ 14 ಫೋಟೋ, ಅಂದರೆ ಒಂದೂವರೆ ಸೆಕೆಂಡಿಗೂ ಕಡಿಮೆ ಹೊತ್ತು. ಶಟರ್ 1/250 ಎಂದಿಟ್ಟುಕೊಳ್ಳಿ. ಇಂಥ ಬರ್ಸ್ಟ್ ಸಾಮಾನ್ಯವಾಗಿ ಹೀಗಿರುತ್ತದೆ.

1ರಲ್ಲಿ ದೀಪಗಳೆಲ್ಲ ಕೆಳಕ್ಕೆ ಎಳೆದಿವೆ, ಕೈ ಅಲುಗಿದೆ. 2 ಚೆನ್ನಾಗಿದೆ, ಆದರೆ ದಾರ ಇನ್ನೂ ಕುತ್ತಿಗೆ ಮುಟ್ಟಿಲ್ಲ. 3ರಿಂದ 5 ಮದುಮಗನ ಮಿಟುಕು: ಅರ್ಧ, ಪೂರ್ತಿ, ಮತ್ತೆ ಅರ್ಧ. ಮದುಮಗಳ ಕಣ್ಣು 2ರಿಂದ 9ರವರೆಗೂ ತಗ್ಗಿದೆ, ಅದು ನೋಟ, ಮಿಟುಕಲ್ಲ. 6ರಲ್ಲಿ ಮದುಮಗನ ತಲೆ ತಿರುಗುತ್ತಿದೆ, ಕಣ್ಣಿನ ಚುಕ್ಕೆ ಅಡ್ಡಕ್ಕೆ ನಾಲ್ಕೈದು ಪಿಕ್ಸೆಲ್ ಗೀಟಾಗಿದೆ. 7ರಲ್ಲಿ ಇಬ್ಬರ ರೆಪ್ಪೆಗೂದಲೂ ಕಾಣುತ್ತದೆ, ಚುಕ್ಕೆ ಒಂದೆರಡು ಪಿಕ್ಸೆಲ್ ಎಳೆದಿದೆ, ಬೆರಳು ಗಂಟಿನ ಮೇಲಿದೆ. 8ರಿಂದ 10 ಅಕ್ಷತೆಯ ಪಾಲು. 11ರಲ್ಲಿ ಫೋಕಸ್ ಮರಳುವ ಹಾದಿಯಲ್ಲಿದೆ, ಹಾರ ಶಾರ್ಪ್, ಕಣ್ಣು ಇನ್ನೂ ಇಲ್ಲ. 12 ಎಲ್ಲಕ್ಕಿಂತ ಶಾರ್ಪ್, ಚುಕ್ಕೆ ಸೂಜಿಮೊನೆಯಂತಿದೆ, ಆದರೆ ಕೈ ಕೆಳಗಿಳಿದಿದೆ. 13, 14ರಲ್ಲಿ ಇಬ್ಬರೂ ಬೇರೆ ಕಡೆ ತಿರುಗಿದ್ದಾರೆ.

ಕೊನೆಗೆ ಉಳಿದದ್ದು 7 ಮತ್ತು 12. ಅಳತೆಯಲ್ಲಿ 12 ಗೆಲ್ಲುತ್ತದೆ, ಆಲ್ಬಮ್ಮಿಗೆ ಹೋಗಬೇಕಾದ್ದು 7. ಅದರ ಎರಡು ಪಿಕ್ಸೆಲ್ ಮಸುಕು 18 ಇಂಚಿನಲ್ಲಿ ಕಾಣುವುದಿಲ್ಲ, ತಾಳಿ ಕಟ್ಟುತ್ತಿರುವ ಕೈ ಕಾಣುತ್ತದೆ. ಎರಡೂ ಫ್ರೇಮ್‌ಗಳಲ್ಲಿ ಕೈ ಅಲ್ಲೇ ಇದ್ದಿದ್ದರೆ 12ನ್ನೇ ಆರಿಸಬೇಕಿತ್ತು.

ಇನ್ನೊಂದು ಚಿಕ್ಕ ಉಪಾಯ: ಜೆಪೆಗ್‌ನಲ್ಲಿ ತೆಗೆದಿದ್ದರೆ ಫೈಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ. ಒಂದೇ ದೃಶ್ಯ, ಒಂದೇ ಸೆಟ್ಟಿಂಗ್ ಇದ್ದಾಗ ಮಸುಕಾದ ಫೋಟೋದಲ್ಲಿ ವಿವರ ಕಡಿಮೆ, ಫೈಲೂ ಚಿಕ್ಕದಾಗುತ್ತದೆ. ಕೈ ಅಲುಗಿದ 1 ಹೀಗೆ ಕೆಳಗೆ ಬೀಳುತ್ತದೆ. ಆದರೆ ಗಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಡೀ ಚಿತ್ರವನ್ನು, ಕಣ್ಣನ್ನಲ್ಲ. ತುಂಬ ಅಕ್ಷತೆ ಹಾರುತ್ತಿರುವ 9, ಮುಖ ಕರಗಿದ್ದರೂ, ಕಾಳುಗಳ ಅಂಚಿನಿಂದಲೇ ದೊಡ್ಡ ಫೈಲ್ ಆಗಬಹುದು. ಕೆಟ್ಟದ್ದನ್ನು ಸಂಶಯಪಡಲು ಇದು ಸಾಕು, ಒಳ್ಳೆಯದನ್ನು ಆರಿಸಲು ಸಾಲದು.

ಉಳಿದ ಫೋಟೋಗಳನ್ನು ಅಂದೇ ಅಳಿಸಬೇಡಿ. 7ರ ಜೊತೆ 2ನ್ನೂ 12ನ್ನೂ ಇಟ್ಟುಕೊಂಡಿರಿ. ಮನೆಯವರು ಪ್ರೂಫ್ ನೋಡಿ ಮದುಮಗನ ಕಣ್ಣು ಇನ್ನೂ ಚೆನ್ನಾಗಿರಬೇಕಿತ್ತು ಎಂದರೆ, ಅದೇ ಬೆಳಕಿನಲ್ಲಿ, ಅದೇ ದೂರದಿಂದ, ಸೆಕೆಂಡಿಗೂ ಕಡಿಮೆ ಅಂತರದಲ್ಲಿ ತೆಗೆದ ಪಕ್ಕದ ಫ್ರೇಮ್‌ನಿಂದ ಕಣ್ಣಿನ ಭಾಗವನ್ನು ತಂದು ಕೂರಿಸಬಹುದು. ತಲೆಯ ಓರೆ ಎರಡರಲ್ಲೂ ಒಂದೇ ಇದ್ದರೆ ಮಾತ್ರ ಅದು ಕೂರುತ್ತದೆ. ಆಲ್ಬಮ್ ಪ್ರಿಂಟ್ ಆಗಿ ಕೈಸೇರಿದ ಮೇಲೆ ಬೇಡದ್ದನ್ನು ಅಳಿಸಿ.