ಹಮಾರ್ತಿಯ: ದೋಷವೋ, ತಪ್ಪೋ?

ಕನ್ನಡದಲ್ಲಿ ಬಾಣ ಗುರಿ ತಪ್ಪುತ್ತದೆ, ಪಯಣಿಗ ದಾರಿ ತಪ್ಪುತ್ತಾನೆ, ದೊಡ್ಡವರು ಮಾತಿಗೆ ತಪ್ಪುತ್ತಾರೆ. ಎಲ್ಲಕ್ಕೂ ಒಂದೇ ಕ್ರಿಯಾಪದ. ದುರಂತ ನಾಟಕದ ನಾಯಕ ಬೀಳುವ ಕಾರಣಕ್ಕೆ ಅರಿಸ್ಟಾಟಲ್ ಬಳಸಿದ ಗ್ರೀಕರ ‘ಹಮಾರ್ತಿಯ’ ಕೂಡ ಇದೇ ಜಾತಿಯ ಪದ. ಅದರ ಮೂಲದಲ್ಲಿರುವ ಕ್ರಿಯಾಪದವನ್ನು ಹೋಮರ್ ಎಸೆದ ಈಟಿ ಗುರಿ ತಪ್ಪಿದ್ದಕ್ಕೆ ಬಳಸುತ್ತಾನೆ. ಹೀಗೆ ‘ತಪ್ಪು’ ಎಂಬ ಹೇಳಿಮಾಡಿಸಿದ ಮಾತು ಕೈಯಲ್ಲೇ ಇದ್ದರೂ ನಾವು ‘ದುರಂತ ದೋಷ’ ಎಂದು ಕಲಿತೆವು. ದೋಷ ಇರುತ್ತದೆ, ತಪ್ಪು ನಡೆಯುತ್ತದೆ. ದುರಂತ ನಾಯಕನ ಬಗ್ಗೆ ನಡೆಯುವ ಅರ್ಧದಷ್ಟು ಜಗಳ ಈ ಎರಡು ಕ್ರಿಯಾಪದಗಳ ನಡುವಿನದು.

ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯ 13ನೆಯ ಅಧ್ಯಾಯದಲ್ಲಿ ಹೇಳುವುದು ಇಷ್ಟೇ: ನಾಯಕ ಸದ್ಗುಣದ ಪರಾಕಾಷ್ಠೆಯಲ್ಲ, ಅವನು ಬೀಳುವುದು ದುಷ್ಟತನದಿಂದಲೂ ಅಲ್ಲ, ಯಾವುದೋ ಒಂದು ಹಮಾರ್ತಿಯದಿಂದ. ಉದಾಹರಣೆಗೆ ಹೆಸರಿಸುವವರಲ್ಲಿ ಮೊದಲಿಗ ಈಡಿಪಸ್, ಸೋಫೋಕ್ಲಿಸ್‌ನ ನಾಟಕದಲ್ಲಿ ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ದೊರೆ. ಪರೀಕ್ಷೆಯ ಉತ್ತರಪತ್ರಿಕೆ ಇದನ್ನು ‘ಈಡಿಪಸ್‌ನ ದೋಷ ಅಹಂಕಾರ’ ಎಂದು ಮುಗಿಸುತ್ತದೆ. ಕೋಪ ಎಂದು ಬರೆದರೂ ಅಂಕ ಸಿಗುತ್ತದೆ.

ಈ ಉತ್ತರವನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ: ಆ ಗುಣವನ್ನು ನಾಟಕದಿಂದ ತೆಗೆದು ನೋಡುವುದು. ಕುರುಡ ಕಾಲಜ್ಞಾನಿ ಟೈರೀಸಿಯಸ್‌ನ ಮೇಲೆ ಈಡಿಪಸ್ ಹರಿಹಾಯುತ್ತಾನೆ, ಭಾವಮೈದುನ ಕ್ರಿಯಾನ್ ಪಿತೂರಿ ಹೂಡಿದ್ದಾನೆಂದು ಆರೋಪಿಸುತ್ತಾನೆ. ಎರಡೂ ಅನ್ಯಾಯವೇ. ಆದರೆ ಆ ದಿನ ಅವನು ಸಮಾಧಾನದಿಂದ ಮಾತಾಡಿದ್ದರೆ ತಂದೆ ಬದುಕಿಬರುತ್ತಿದ್ದನೇ? ಕೊಲೆಯೂ ಮದುವೆಯೂ ಪರದೆ ಏಳುವುದಕ್ಕೆ ಎಷ್ಟೋ ವರ್ಷ ಮೊದಲೇ ನಡೆದುಹೋಗಿವೆ. ಕೋಪ ನಮಗೆ ಮನುಷ್ಯನನ್ನು ತೋರಿಸುತ್ತದೆ, ಪತನದ ಕಾರಣವನ್ನಲ್ಲ.

ಹಾಗಾದರೆ ಗುರಿ ತಪ್ಪಿದ್ದು ಎಲ್ಲಿ? ಈಡಿಪಸ್ ತನ್ನ ಬಾಯಿಂದಲೇ ಹೆಂಡತಿ ಜೊಕಾಸ್ಟಾಗೆ ಹೇಳುವ ಕಥೆಯಲ್ಲಿ. ಕೊರಿಂತ್‌ನ ಔತಣವೊಂದರಲ್ಲಿ ಕುಡಿದವನೊಬ್ಬ, ‘ನೀನು ನಿನ್ನ ಅಪ್ಪನ ಮಗನಲ್ಲ’ ಎಂದ. ಅವನನ್ನು ಸಾಕಿದ ಅಲ್ಲಿನ ದೊರೆ ಪಾಲಿಬಸ್ ದಂಪತಿ ಸಿಟ್ಟಾಗಿ ಅಲ್ಲಗಳೆದರೂ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಯಾರಿಗೂ ಹೇಳದೆ ಕಣಿ ಕೇಳಲು ಡೆಲ್ಫಿಯ ದೇಗುಲಕ್ಕೆ ಹೋದ. ಕಣಿ ಅವನ ಪ್ರಶ್ನೆಗೆ ಉತ್ತರಿಸಲೇ ಇಲ್ಲ; ತಂದೆಯನ್ನು ಕೊಂದು ತಾಯಿಯನ್ನು ಸೇರುವೆ ಎಂದಿತು. ಅವನು ಕೊರಿಂತ್‌ಗೆ ಬೆನ್ನು ಹಾಕಿ ಓಡಿದ. ಪಾಲಿಬಸ್ ತನ್ನ ತಂದೆ ಹೌದೋ ಅಲ್ಲವೋ ಎಂದು ಕೇಳಲು ಹೋದವನು, ಅವನೇ ತಂದೆ ಎಂದು ನಂಬಿದವನ ಹಾಗೆ ಓಡಿದ! ಭಯ ಅನುಮಾನವನ್ನು ನುಂಗಿತು. ನನ್ನ ಮಟ್ಟಿಗೆ ಹಮಾರ್ತಿಯ ಇಲ್ಲಿದೆ, ಹೆತ್ತವರಿಗೆ ಕೇಡು ಮಾಡಬಾರದೆಂಬ ಒಳ್ಳೆಯ ಉದ್ದೇಶದ ಒಳಗೇ. ಇದಕ್ಕೆ ಅಹಂಕಾರ ಎಂಬ ಹೆಸರು ಹೇಗೂ ಒಪ್ಪುವುದಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ತಂದೆಯನ್ನು ಕೊಲ್ಲುವೆ ಎಂದು ಕೇಳಿದ ಮೇಲೂ ಮೂರು ದಾರಿ ಕೂಡುವಲ್ಲಿ ತಂದೆಯ ವಯಸ್ಸಿನ ಮುದುಕನನ್ನು ಕೊಂದನಲ್ಲ, ಅದು ಮುಂಗೋಪವಲ್ಲವೇ? ಗಾಡಿಯವನು ದಾರಿಯಿಂದ ತಳ್ಳಿದ, ಮುದುಕ ತಲೆಗೆ ಅಂಕುಶದಿಂದ ಹೊಡೆದ, ಇವನು ಕೋಲೆತ್ತಿದ. ಮುಂಗೋಪವೇ ಸರಿ. ಆದರೆ ಆ ಕೋಪದಿಂದ ಅವನು ಕೊಲೆಗಾರನಾದ, ಅಷ್ಟೆ. ಆ ಕೊಲೆಗೆ ಪಿತೃಹತ್ಯೆಯ ಭೀಕರತೆ ಬಂದದ್ದು ಸತ್ತವನು ಯಾರೆಂದು ತಿಳಿಯದ್ದರಿಂದ.

ಎಲ್ಲ ನಾಟಕಕ್ಕೂ ಈ ಓದು ಹೊಂದುವುದಿಲ್ಲ. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ದೊರೆ ಡಂಕನ್‌ನನ್ನು ಕೊಲ್ಲುವ ಮೊದಲು ತನಗೆ ಮಹತ್ವಾಕಾಂಕ್ಷೆಯ ಹೊರತು ಬೇರೆ ಪ್ರೇರಣೆಯಿಲ್ಲವೆಂದು ತಾನೇ ಒಪ್ಪುತ್ತಾನೆ. ಅಲ್ಲಿ ‘ದೋಷ’ ಸಲೀಸಾಗಿ ಕೂರುತ್ತದೆ. ಆ ಅಳತೆಯ ಅಂಗಿಯನ್ನು ಈಡಿಪಸ್‌ಗೆ ತೊಡಿಸಲು ಹೋಗಿದ್ದೇ ತೊಂದರೆ.

ಇನ್ನು ಪತನ. ರಂಗದ ಮೇಲೆ ನಾವು ಕಾಣುವುದು ತಪ್ಪು ನಡೆಯುವುದನ್ನಲ್ಲ, ಅದು ಬಯಲಾಗುವುದನ್ನು. ಬಯಲು ಮಾಡುವವನು ಈಡಿಪಸ್ಸೇ, ಅದೂ ಹಳೆಯ ದೊರೆಯ ಕೊಲೆಗಾರನನ್ನು ಹುಡುಕಿ ಊರಿನ ಪಿಡುಗು ಹೋಗಲಾಡಿಸುವ ಕರ್ತವ್ಯದಿಂದ. ಕೊರಿಂತ್‌ನ ದೂತ ಪಾಲಿಬಸ್ ಸತ್ತನೆಂಬ ಸುದ್ದಿ ತರುತ್ತಾನೆ; ಈಡಿಪಸ್‌ಗೆ ಇನ್ನೂ ತಾಯಿಯ ಕುರಿತ ಭಯ ಉಳಿದಿದೆ ಎಂದು ತಿಳಿದು, ಅದನ್ನೂ ನೀಗಿಸೋಣವೆಂದು, ‘ನೀನು ಅವರ ಮಗನೇ ಅಲ್ಲ’ ಎನ್ನುತ್ತಾನೆ. ಸಾಂತ್ವನದ ಮಾತೇ ಎಲ್ಲವನ್ನೂ ತಿರುಗಿಸಿಬಿಡುತ್ತದೆ. ಜೊಕಾಸ್ಟಾಗೆ ಆ ಕ್ಷಣವೇ ಹೊಳೆಯುತ್ತದೆ, ಮುಂದೆ ಕೇಳಬೇಡವೆಂದು ಅಂಗಲಾಚುತ್ತಾಳೆ. ಅವನೋ, ತಾನು ಕೀಳು ಕುಲದವನಿರಬಹುದೆಂದು ಅವಳಿಗೆ ನಾಚಿಕೆ ಎಂದುಕೊಳ್ಳುತ್ತಾನೆ. ಮತ್ತೆ ಗುರಿ ತಪ್ಪಿತು.

ಕೊನೆಗೆ, ಮಗುವಾಗಿದ್ದ ಈಡಿಪಸ್‌ನನ್ನು ಬೇರೆಯವರಿಗೆ ಒಪ್ಪಿಸಿದ್ದ ಮುದಿ ಕುರುಬನನ್ನು ಕರೆಸುತ್ತಾರೆ. ಭಯಂಕರವಾದದ್ದನ್ನು ಹೇಳುವ ಅಂಚಿನಲ್ಲಿದ್ದೇನೆ ಎಂದು ಅವನು ನಡುಗುತ್ತಾನೆ. ನಾನೂ ಅದನ್ನು ಕೇಳುವ ಅಂಚಿನಲ್ಲಿದ್ದೇನೆ, ಆದರೂ ಕೇಳಲೇಬೇಕು ಎನ್ನುತ್ತಾನೆ ಈಡಿಪಸ್. ಡೆಲ್ಫಿಯಲ್ಲಿ ಉತ್ತರ ಸಿಗದೆ ಬಿಟ್ಟುಬಂದ ಪ್ರಶ್ನೆಯನ್ನು ಅವನು ಈಗ ಬಿಡುತ್ತಿಲ್ಲ.