ಎರಡು ಸಲ ಕಡಿತವಾದ ಪರೀಕ್ಷಾ ಶುಲ್ಕ ಎಲ್ಲಿ ಕೂತಿರುತ್ತದೆ?

ಚಿಂತಾಮಣಿಯ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಪರೀಕ್ಷಾ ಶುಲ್ಕ ಕಟ್ಟುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. 2025ರ ನವೆಂಬರ್ 12, ದಂಡವಿಲ್ಲದೆ ಕಟ್ಟಲು ಕೊನೆಯ ದಿನ. ರಾತ್ರಿ 11 ಗಂಟೆ 52 ನಿಮಿಷಕ್ಕೆ ಅಣ್ಣನ ಮೊಬೈಲಿನಿಂದ ಯುಪಿಐ ಮೂಲಕ 1,850 ರೂಪಾಯಿ ಕಟ್ಟುತ್ತಾಳೆ. ಖಾತೆಯಿಂದ ಹಣ ಕಡಿತವಾದ ಸಂದೇಶ ಬರುತ್ತದೆ. ವಿಶ್ವವಿದ್ಯಾಲಯದ ಪೋರ್ಟಲ್ ಮಾತ್ರ ಸುತ್ತುತ್ತಲೇ ಇದ್ದು, ಕೊನೆಗೆ ಶುಲ್ಕ ಬಾಕಿ ಎಂದೇ ತೋರಿಸುತ್ತದೆ. ಗಾಬರಿಯಲ್ಲಿ 12 ಗಂಟೆ 4 ನಿಮಿಷಕ್ಕೆ ಮತ್ತೊಮ್ಮೆ ಕಟ್ಟುತ್ತಾಳೆ. ಅಷ್ಟರಲ್ಲಿ ತಾರೀಖು ಬದಲಾಗಿದೆ. 200 ರೂಪಾಯಿ ದಂಡ ಸೇರಿ 2,050 ಆಗುತ್ತದೆ. ಈ ಸಲ ರಸೀದಿ ಬರುತ್ತದೆ. ಅಣ್ಣನ ಖಾತೆಯಿಂದ ಒಟ್ಟು 3,900 ರೂಪಾಯಿ ಹೋಗಿದೆ, ಕೈಯಲ್ಲಿರುವುದು ಒಂದೇ ರಸೀದಿ.

ಇಂಥ ಪ್ರಸಂಗದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ‘ಹಣ ಯಾವಾಗ ವಾಪಸ್ ಬರುತ್ತದೆ’ ಎಂಬುದು. ಅದಕ್ಕೆ ಮೊದಲು ಕೇಳಬೇಕಾದದ್ದು, ಆ ಹಣ ಈಗ ಯಾರ ಬಳಿ ಇದೆ ಎಂಬುದನ್ನು. ಯಾರ ಬಳಿ ಇದೆಯೋ ಅವರಷ್ಟೇ ಅದನ್ನು ಹಿಂದಿರುಗಿಸಬಲ್ಲರು. ಉಳಿದವರ ಬಾಗಿಲು ತಟ್ಟಿದರೆ ‘ನಮ್ಮ ಕಡೆಯಿಂದ ಸರಿಯಾಗಿದೆ’ ಎಂಬ ಉತ್ತರ ಸಿಗುತ್ತದೆ, ಮತ್ತು ಬಹಳ ಸಲ ಆ ಉತ್ತರ ನಿಜವೂ ಆಗಿರುತ್ತದೆ.

ಶುಲ್ಕ ಕಟ್ಟುವಾಗ ನಡುವೆ ನಾಲ್ಕು ಕಡೆಯ ಕಂಪ್ಯೂಟರ್‌ಗಳು ಮಾತನಾಡಿಕೊಳ್ಳುತ್ತವೆ: ಅಣ್ಣನ ಬ್ಯಾಂಕು, ಯುಪಿಐ ನಡೆಸುವ ಎನ್‌ಪಿಸಿಐ, ವಿಶ್ವವಿದ್ಯಾಲಯದ ಪರವಾಗಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇ, ಮತ್ತು ವಿಶ್ವವಿದ್ಯಾಲಯದ ಸರ್ವರ್. ಹಣ ಮೊದಲ ಮೂರರ ನಡುವೆ ಸಾಗುತ್ತದೆ. ಹಣ ಬಂದಿತೆಂಬ ಸುದ್ದಿ ಆಮೇಲೆ ಬೇರೆಯಾಗಿ ಗೇಟ್‌ವೇಯಿಂದ ವಿಶ್ವವಿದ್ಯಾಲಯದ ಸರ್ವರ್‌ಗೆ ಹೋಗಬೇಕು. ಹಳೆಯ ಮನಿ ಆರ್ಡರ್‌ನಲ್ಲಿ ಹಣ ಊರಿಗೆ ತಲುಪಿಯೂ ಸಹಿ ಹಾಕಿದ ಚೀಟಿ ಹಿಂದಿರುಗದೆ ಉಳಿಯುತ್ತಿತ್ತಲ್ಲ, ಹಾಗೆ ಇಲ್ಲಿಯೂ ಹಣ ತಲುಪಿ ಸುದ್ದಿ ತಲುಪದೆ ಹೋಗಬಹುದು. ಕೊನೆಯ ದಿನದ ರಾತ್ರಿ ಸಾವಿರಾರು ಮಂದಿ ಒಟ್ಟಿಗೆ ನುಗ್ಗಿದಾಗ ಮೊದಲು ಉಸಿರು ಕಟ್ಟುವುದು ವಿಶ್ವವಿದ್ಯಾಲಯದ ಸರ್ವರ್‌ಗೆ. ಗೇಟ್‌ವೇ ಕಳಿಸಿದ ಸುದ್ದಿಯನ್ನು ಅದು ಬರೆದುಕೊಳ್ಳುವ ಮೊದಲೇ ಸಮಯ ಮುಗಿಯುತ್ತದೆ.

ಎರಡನೆಯ ಸಲ ಕಟ್ಟುವಾಗ ಬ್ಯಾಂಕು ಏಕೆ ತಡೆಯುವುದಿಲ್ಲ? ‘ಶುಲ್ಕ ಪಾವತಿಸಿ’ ಗುಂಡಿಯನ್ನು ಪ್ರತಿ ಸಲ ಒತ್ತಿದಾಗಲೂ ಪೋರ್ಟಲ್ ಸಾಮಾನ್ಯವಾಗಿ ಹೊಸ ಆರ್ಡರ್ ಸಂಖ್ಯೆಯೊಂದನ್ನು ಹುಟ್ಟುಹಾಕುತ್ತದೆ. ಬ್ಯಾಂಕಿನ ಕಣ್ಣಿಗೆ ಅವು ಎರಡು ಬೇರೆ ಬೇರೆ ಖರೀದಿಗಳು. ಎರಡೂ ಒಬ್ಬಳ ಒಂದೇ ಪರೀಕ್ಷೆಗೆ ಸಂಬಂಧಿಸಿದ್ದು ಎಂದು ತಿಳಿದಿರುವುದು ನೋಂದಣಿ ಸಂಖ್ಯೆಯನ್ನು ಇಟ್ಟುಕೊಂಡಿರುವ ಪೋರ್ಟಲ್‌ಗೆ ಮಾತ್ರ. ಹಿಂದಿನ ಆರ್ಡರ್ ಏನಾಯಿತೆಂದು ಗೇಟ್‌ವೇಯನ್ನು ಒಮ್ಮೆ ವಿಚಾರಿಸಿ, ಆಮೇಲೆ ಹೊಸ ಆರ್ಡರ್ ತೆರೆಯುವಂತೆ ಪೋರ್ಟಲ್ ಬರೆದಿದ್ದರೆ ಇಂಥ ಜೋಡಿ ಪಾವತಿಗಳು ಬಹುಪಾಲು ತಪ್ಪುತ್ತವೆ. ಆ ಒಂದು ವಿಚಾರಣೆಯನ್ನು ಬಿಟ್ಟ ಪೋರ್ಟಲ್ ತನ್ನ ಸೋಮಾರಿತನವನ್ನು ವಿದ್ಯಾರ್ಥಿಗಳ ಜೇಬಿನಿಂದ ಭರಿಸುತ್ತಿದೆ ಎಂದೇ ನಾನು ಹೇಳುತ್ತೇನೆ.

ಹಾಗಾದರೆ ಮೊದಲು ಕಟ್ಟಿದ 1,850 ರೂಪಾಯಿ ಎಲ್ಲಿದೆ? ಎರಡು ಸಾಧ್ಯತೆಗಳಿವೆ. ಒಂದು, ಹಣ ಅಣ್ಣನ ಖಾತೆಯಿಂದ ಹೊರಟು ಗೇಟ್‌ವೇಯ ಖಾತೆಯನ್ನು ಸೇರದೆ ದಾರಿಯಲ್ಲೇ ನಿಂತಿದೆ. ಇದು ನಿಜವಾದ ವಿಫಲ ಪಾವತಿ; ಯಾರ ಅರ್ಜಿಯೂ ಇಲ್ಲದೆ ತಾನಾಗಿ ಖಾತೆಗೆ ಮರಳಬೇಕಾದದ್ದು. ಇನ್ನೊಂದು, ಹಣ ಗೇಟ್‌ವೇಯನ್ನು ಸೇರಿದೆ, ಸುದ್ದಿ ಮಾತ್ರ ಸೇರಿಲ್ಲ. ಆಗ ಯುಪಿಐ ಆ್ಯಪ್ SUCCESS ಎನ್ನುತ್ತದೆ, ಪೋರ್ಟಲ್ FAILED ಅಥವಾ PENDING ಎನ್ನುತ್ತದೆ. ಈ ಎರಡನೆಯದರಲ್ಲೇ ತಿರುವು ಇರುವುದು. ಗೇಟ್‌ವೇಯ ಲೆಕ್ಕವನ್ನು ವಿಶ್ವವಿದ್ಯಾಲಯದ ಲೆಕ್ಕದ ಜೊತೆ ತಾಳೆ ಹಾಕಿದಾಗ, ನಿನ್ನೆ ವಿಫಲ ಎಂದು ಕಂಡ ಪಾವತಿ ಮರುದಿನವೋ ಅದರ ಮಾರನೆಯ ದಿನವೋ ಯಶಸ್ವಿ ಎಂದು ಬದಲಾಗಬಹುದು. ಬದಲಾದ ಕ್ಷಣದಿಂದ ಅದು ವಿಫಲ ಪಾವತಿಯಲ್ಲ, ಎರಡು ಸಲ ಕಟ್ಟಿದ ಶುಲ್ಕ. ಅದು ತಾನಾಗಿ ಬರುವುದಿಲ್ಲ. ವಿಶ್ವವಿದ್ಯಾಲಯವೇ ಮರುಪಾವತಿಗೆ ಆದೇಶಿಸಬೇಕು.

ಆದ್ದರಿಂದ ಗಡುವಿಗೆ ಇನ್ನೂ ಕೆಲವು ದಿನ ಇದ್ದರೆ ಮೊದಲ ಪಾವತಿಯ ಸ್ಥಿತಿ ಇತ್ಯರ್ಥವಾಗುವವರೆಗೆ ಮತ್ತೆ ಕಟ್ಟದಿರುವುದೇ ಜಾಣತನ. ಕೊನೆಯ ರಾತ್ರಿಯಾದರೆ ನಾನು ಹಾಗೆ ಹೇಳಲಾರೆ. ಪರೀಕ್ಷೆಯನ್ನೇ ಕಳೆದುಕೊಳ್ಳುವುದಕ್ಕಿಂತ ಎರಡನೆಯ ಸಲ ಕಟ್ಟಿ, ಮೊದಲಿನದರ ಬೆನ್ನು ಹತ್ತುವುದು ಮೇಲು.

ಬೆನ್ನು ಹತ್ತಲು ಬೇಕಾದದ್ದು ಸರಿಯಾದ ಸಂಖ್ಯೆ. ಯುಪಿಐ ಆ್ಯಪ್‌ನಲ್ಲಿ ಒಂದು ಪಾವತಿಗೆ ಎರಡು ಮೂರು ಸಂಖ್ಯೆಗಳು ಕಾಣುತ್ತವೆ, ಮತ್ತು ಅರ್ಜಿಯಲ್ಲಿ ಹೆಚ್ಚಿನವರು ಬರೆಯುವುದು ತಪ್ಪು ಸಂಖ್ಯೆಯನ್ನು. ಅಕ್ಷರಗಳೂ ಸೇರಿರುವ ಉದ್ದನೆಯದು ಆ್ಯಪ್‌ ತನ್ನ ಅನುಕೂಲಕ್ಕೆ ಇಟ್ಟುಕೊಂಡದ್ದಾಗಿರಬಹುದು. ಬೇರೆಯವರ ದಾಖಲೆಯಲ್ಲಿ ಅದನ್ನು ಹುಡುಕಿದರೆ ಸಿಗದು. ಬ್ಯಾಂಕು, ಎನ್‌ಪಿಸಿಐ, ಗೇಟ್‌ವೇ ಮೂವರೂ ಗುರುತಿಸುವುದು UTR ಅಥವಾ UPI Ref No ಎಂದು ಬರೆದಿರುವ 12 ಅಂಕಿಗಳ ಸಂಖ್ಯೆಯನ್ನು. ಬ್ಯಾಂಕಿನವರ ಬಾಯಲ್ಲಿ ಇದು ಆರ್‌ಆರ್‌ಎನ್. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅದು ಸುಮಾರಾಗಿ ಹೀಗೆ ಕಾಣುತ್ತದೆ:

```
12-11-2025  UPI/DR/531648207715/...  1850.00
13-11-2025  UPI/DR/531700126394/...  2050.00
```

ಈ ಅಂಕಿಗಳಲ್ಲೇ ಒಂದು ಸ್ವಾರಸ್ಯವಿದೆ. ಆರ್‌ಆರ್‌ಎನ್‌ನ ಮೊದಲ ನಾಲ್ಕು ಅಂಕಿಗಳು ಸಾಮಾನ್ಯವಾಗಿ ದಿನಾಂಕವನ್ನು ಹೇಳುತ್ತವೆ: ಮೊದಲನೆಯದು ಇಸವಿಯ ಕೊನೆಯ ಅಂಕಿ, ನಂತರದ ಮೂರು ಅಂಕಿಗಳು ವರ್ಷದ ಎಷ್ಟನೆಯ ದಿನ ಎಂಬುದು. 5316 ಎಂದರೆ 2025ರ 316ನೆಯ ದಿನ, ಅಂದರೆ ನವೆಂಬರ್ 12. ಎರಡನೆಯದರ 5317 ಎಂದರೆ ನವೆಂಬರ್ 13. ಹಣ ಹೊರಟದ್ದು ಗಡುವಿನೊಳಗೆ ಎಂಬುದನ್ನು ಸಂಖ್ಯೆಯೇ ಸೂಚಿಸುತ್ತದೆ. ಆದರೂ ಕಚೇರಿಯ ಮುಂದೆ ಸಾಕ್ಷಿಯಾಗಿ ಇಡಬೇಕಾದದ್ದು ಸ್ಟೇಟ್‌ಮೆಂಟ್‌ನ ದಿನಾಂಕವನ್ನೇ.

ಸ್ಕ್ರೀನ್‌ಶಾಟ್‌ ಇಟ್ಟುಕೊಳ್ಳಿ, ಆದರೆ ಅದನ್ನೇ ನೆಚ್ಚಬೇಡಿ. ಹಣ ಕಳಿಸಿದಂತೆ ಸುಳ್ಳು ಪರದೆ ತೋರಿಸುವ ಆ್ಯಪ್‌ಗಳು ಬಂದಿರುವುದರಿಂದ ಚಿತ್ರಕ್ಕೆ ಕಚೇರಿಗಳಲ್ಲಿ ಬೆಲೆ ಕಡಿಮೆ. ಬ್ಯಾಂಕಿನಿಂದ ಪಡೆದ ಸ್ಟೇಟ್‌ಮೆಂಟ್‌ನಲ್ಲಿ ಆರ್‌ಆರ್‌ಎನ್ ಇರಬೇಕು, ಪಕ್ಕದಲ್ಲಿ ಪೋರ್ಟಲ್‌ನ ಪಾವತಿ ಇತಿಹಾಸದಿಂದ ತೆಗೆದ ಆರ್ಡರ್ ಸಂಖ್ಯೆ ಇರಬೇಕು. ಆರ್‌ಆರ್‌ಎನ್ ಹಣದ ಗುರುತು, ಆರ್ಡರ್ ಸಂಖ್ಯೆ ವಿದ್ಯಾರ್ಥಿಯ ಗುರುತು. ಎರಡೂ ಒಟ್ಟಿಗಿದ್ದರೆ ಗೇಟ್‌ವೇಯ ಪಟ್ಟಿಯಲ್ಲಿ ಸಾಲನ್ನು ಹುಡುಕುವುದು ಗುಮಾಸ್ತರಿಗೆ ನಿಮಿಷಗಳ ಕೆಲಸ.

ಈಗ ಕಾಯುವ ಲೆಕ್ಕ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ವಿಫಲ ಪಾವತಿಗಳಿಗೆ ಗಡುವು ಹಾಕಿದೆ. ಯುಪಿಐ ಮೂಲಕ ವ್ಯಾಪಾರಿಗೆ ಕಟ್ಟಿದ ಹಣ ಕಡಿತವಾಗಿ, ದೃಢೀಕರಣ ವ್ಯಾಪಾರಿಗೆ ತಲುಪದಿದ್ದರೆ ಪಾವತಿಯ ದಿನ ಕಳೆದು 5 ದಿನಗಳೊಳಗೆ ಅದು ಮರಳಬೇಕು. ಆನ್‌ಲೈನ್‌ ಕಾರ್ಡ್ ಪಾವತಿಗೂ ಇದೇ ಗಡುವು. ಎಣಿಸುವುದು ಕ್ಯಾಲೆಂಡರ್ ದಿನಗಳನ್ನು. ಭಾನುವಾರವೆಂದು ರಿಯಾಯಿತಿ ಇಲ್ಲ. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕ ಕೇಳದೆಯೇ ಜಮಾ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಗಡುವು ನವೆಂಬರ್ 17. ಹಣ 24ರಂದು ಮರಳಿದರೆ 7 ದಿನಗಳಿಗೆ 700 ರೂಪಾಯಿ ಸೇರಬೇಕು. ಸೇರದಿದ್ದರೆ ಸುತ್ತೋಲೆಯ ದಿನಾಂಕವನ್ನು ಉಲ್ಲೇಖಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು.

17ರ ನಂತರವೂ ಹಣ ಮರಳಿಲ್ಲ, ಆ್ಯಪ್ SUCCESS ಎಂದೇ ತೋರಿಸುತ್ತಿದೆ, ಬ್ಯಾಂಕು ‘ಹಣ ತಲುಪಿದೆ’ ಎನ್ನುತ್ತಿದೆ ಎಂದಾದರೆ ಬ್ಯಾಂಕಿನೊಡನೆ ಜಗಳವಾಡಿ ಫಲವಿಲ್ಲ. ಹಣ ಗೇಟ್‌ವೇಯಲ್ಲೋ ವಿಶ್ವವಿದ್ಯಾಲಯದ ಖಾತೆಯಲ್ಲೋ ಇದೆ. ಹಣ ತಲುಪಿದೆ ಎಂಬ ಬ್ಯಾಂಕಿನ ಮಾತನ್ನು ಬರಹದಲ್ಲಿ ಪಡೆದರೆ ಅದೇ ವಿಶ್ವವಿದ್ಯಾಲಯದ ಮುಂದಿಡುವ ಪುರಾವೆಯಾಗುತ್ತದೆ. ಒಂಬುಡ್ಸ್‌ಮನ್‌ ವ್ಯಾಪ್ತಿಗೆ ವಿಶ್ವವಿದ್ಯಾಲಯ ಬರುವುದಿಲ್ಲ ಎಂಬುದೂ ನೆನಪಿರಲಿ.

ಅರ್ಜಿ ಹೋಗಬೇಕಾದದ್ದು ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಗೆ, ಕಾಲೇಜಿನ ಪ್ರಾಂಶುಪಾಲರ ಮೂಲಕ. ಪರೀಕ್ಷಾ ಶುಲ್ಕವಾದ್ದರಿಂದ ಒಂದು ಪ್ರತಿ ಕುಲಸಚಿವರಿಗೆ (ಮೌಲ್ಯಮಾಪನ). ಇಲ್ಲಿ ಒಂದು ಸೂಕ್ಷ್ಮವಿದೆ. ‘ಎರಡು ಸಲ ಕಟ್ಟಿದ್ದೇನೆ, ಒಂದನ್ನು ಹಿಂದಿರುಗಿಸಿ’ ಎಂದು ಬರೆದರೆ ಸಾಲದು. ಪರೀಕ್ಷಾ ಅರ್ಜಿಗೆ ಜೋಡಣೆಯಾಗಿರುವುದು ಎರಡನೆಯ ಪಾವತಿ. ಗೇಟ್‌ವೇಯಲ್ಲಿ ಯಾರಾದರೂ ಅದನ್ನೇ ಮರುಪಾವತಿ ಮಾಡಿಬಿಟ್ಟರೆ ಅರ್ಜಿ ಶುಲ್ಕವಿಲ್ಲದ್ದಾಗಿ, ಪ್ರವೇಶ ಪತ್ರದ ಹೊತ್ತಿಗೆ ಹೊಸ ತಲೆನೋವು ಶುರುವಾಗುತ್ತದೆ. ಹೀಗೆ ಬರೆಯುವುದು ಸುರಕ್ಷಿತ: ‘ಆರ್‌ಆರ್‌ಎನ್ 531700126394ರ ಪಾವತಿಯನ್ನು ನನ್ನ ಪರೀಕ್ಷಾ ಅರ್ಜಿಗೆ ಉಳಿಸಿಕೊಂಡು, ಆರ್‌ಆರ್‌ಎನ್ 531648207715ರ 1,850 ರೂಪಾಯಿಯನ್ನು ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಮೊದಲ ಪಾವತಿ ಗಡುವಿನೊಳಗೆ ಆಗಿರುವುದರಿಂದ 200 ರೂಪಾಯಿ ದಂಡವನ್ನೂ ಮನ್ನಾ ಮಾಡಿ ಮರಳಿಸಬೇಕು.’ ದಂಡದ ಕೋರಿಕೆಯನ್ನು ಪ್ರತ್ಯೇಕ ವಾಕ್ಯದಲ್ಲಿ ಇಡುವುದಕ್ಕೆ ಕಾರಣವಿದೆ. ಮೊದಲನೆಯದು ಲೆಕ್ಕದ ವಿಷಯ, ಎರಡನೆಯದು ಅಧಿಕಾರಿಯ ವಿವೇಚನೆಯ ವಿಷಯ. ಬೆರೆಸಿದರೆ ಎರಡೂ ಒಂದೇ ಕಡತದಲ್ಲಿ ಕೊಳೆಯುತ್ತವೆ. ಅರ್ಜಿಯ ಪ್ರತಿಗೆ ಟಪಾಲು ವಿಭಾಗದ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ.

ಹಣ ಮರಳುವುದು ಸಾಮಾನ್ಯವಾಗಿ ಹೊರಟ ಖಾತೆಗೇ. ಇಲ್ಲಿ ಅದು ಅಣ್ಣನ ಖಾತೆ. ಸೈಬರ್ ಸೆಂಟರ್‌ನವರ ಖಾತೆಯಿಂದ ಕಟ್ಟಿಸಿದ್ದರೆ ಅವರ ಖಾತೆಗೆ ಹೋಗುತ್ತದೆ, ಎಷ್ಟೋ ಸಲ ಅವರ ಗಮನಕ್ಕೇ ಬರುವುದಿಲ್ಲ. ‘ರಿಫಂಡ್ ಆಗಿದೆ’ ಎಂದು ಕಚೇರಿ ಹೇಳಿದಾಗ ಆ ಮರುಪಾವತಿಯ ಆರ್‌ಆರ್‌ಎನ್ ಕೇಳಿ ಪಡೆದು, ಖಾತೆಯ ಮಾಲೀಕರ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಬೇಕು. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ‘ರಿಫಂಡ್ ಸಹಾಯವಾಣಿ’ಗೆ ಕರೆ ಮಾಡಬೇಡಿ, ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಯಾವ ಕಾಲಕ್ಕೂ ಇಲ್ಲ.

ಅರ್ಜಿಗೆ ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ರಾಜ್ಯ ವಿಶ್ವವಿದ್ಯಾಲಯಗಳು ಅದರ ವ್ಯಾಪ್ತಿಯಲ್ಲಿವೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಹಣ ಏಕೆ ಕೊಟ್ಟಿಲ್ಲ’ ಎಂದು ಕೇಳಿದರೆ ನುಣುಚಿಕೊಳ್ಳಲು ದಾರಿ ಸಿಗುತ್ತದೆ. ಇಂಥ ಆರ್‌ಆರ್‌ಎನ್‌ನ ಹಣ ವಿಶ್ವವಿದ್ಯಾಲಯದ ಖಾತೆಗೆ ಜಮಾ ಆದ ದಿನಾಂಕ ಯಾವುದು, ಇಂಥ ದಿನ ಸಲ್ಲಿಸಿದ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ ಎಂದು ದಾಖಲೆಯನ್ನೇ ಕೇಳಬೇಕು.